ಚಂದಾ ಕಟ್ರಿ, ಆದ್ರೆ ತಲೆ ತಗ್ಗಿಸಿಕೊಂಡು ಬ್ಯಾಡ: ನಮ್ಮ ಸಮಾಜದ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಎಲ್ಲಾ ಶರಣ ಬಂಧುಗಳಿಗೆ ಶರಣು ಶರಣಾರ್ಥಿ.

ಏಪ್ರಿಲ್‌ಗೆ ನಮ್ಮ ಸಮಾಜದ ಹೊಸ ವರ್ಷದ ಲೆಕ್ಕ ಶುರು ಆಗೈತೆ. ಈ ವರ್ಷದ ಸದಸ್ಯತ್ವ ಚಂದಾ ಹೋದ ವರ್ಷದಷ್ಟೇ, ಮನೆಗೆ 600 ರೂಪಾಯಿ, ಕೊನೇ ತಾರೀಖು ಜೂನ್ 30. ಕಟ್ಟೋಕೆ ಆಗೋರು ದಯವಿಟ್ಟು ಕಟ್ರಿ, ಈಗ ಆಗಲ್ಲ ಅನ್ನೋರು ಟೈಮ್ ಕೇಳ್ರಿ, ಈ ವರ್ಷ ಆಗೋದೇ ಇಲ್ಲ ಅನ್ನೋರು ಅದನ್ನೂ ಹೇಳ್ರಿ, ಮೂರಕ್ಕೂ ನಮ್ಮ ಹತ್ರ ದಾರಿ ಐತೆ. ಅವಸರದಲ್ಲಿ ಇರೋರು ಇಷ್ಟು ಓದಿದ್ರೂ ಸಾಕು. ಪುರುಸೊತ್ತು ಇದ್ದೋರು ಮುಂದೆ ಓದ್ರಿ, ಯಾಕಂದ್ರೆ ಈ ದುಡ್ಡು ಎಲ್ಲಿಗೆ ಹೋಗ್ತೈತೆ, ಹಿಂದೆ ಹೆಂಗೆ ಕೇಳ್ತಿದ್ವಿ, ಈಗ ಯಾಕೆ ಬೇರೆ ಥರ ಕೇಳ್ತಿದೀವಿ ಅನ್ನೋದನ್ನ ಎಲ್ಲರ ಮುಂದೆ ಇಡಬೇಕು ಅಂತ ಖಜಾಂಚಿಯಾಗಿ ನನಗೆ ಬಾಳ ದಿನದಿಂದ ಅನ್ನಿಸ್ತಿತ್ತು.

ಮೊದಲು ದುಡ್ಡಿನ ಮಾತು. ನಮ್ಮಲ್ಲಿ ಪುಸ್ತಕದ ಪ್ರಕಾರ 180 ಮನೆ ಸದಸ್ಯರು. ಎಲ್ರೂ ಕಟ್ಟಿದ್ರೆ ವರ್ಷಕ್ಕೆ 1,08,000 ಆಗ್ತೈತೆ. ಖರ್ಚು ನೋಡ್ರಿ, ಮಂದಿರ ಗುಡಿಸಿ ಒರೆಸಿ ಬೆಳಿಗ್ಗೆ ಸಂಜೆ ಬಾಗಿಲು ತೆಗೆದು ಹಾಕೋ ಅಕ್ಕೋರಿಗೆ ತಿಂಗಳಿಗೆ 5,000, ಅಂದ್ರೆ ವರ್ಷಕ್ಕೆ 60,000. ಬೆಸ್ಕಾಂ ಬಿಲ್ ಬ್ಯಾಸಗೀಲಿ ಜಾಸ್ತಿ ಬರ್ತೈತೆ, ಮಳೆಗಾಲದಲ್ಲಿ ಕಡಿಮೆ, ಒಟ್ಟು ಸೇರಿ ವರ್ಷಕ್ಕೆ 18,000. ಆಡಿಟರ್ ಫೀಸು, ನೋಂದಣಿ ಕಚೇರಿಗೆ ಲೆಕ್ಕ ಸಲ್ಲಿಸೋ ಖರ್ಚು, ಜೆರಾಕ್ಸು ಎಲ್ಲಾ ಸೇರಿ 9,000. ನೀರಿನ ಕಂದಾಯ, ಫಿನಾಯಿಲು, ಬಲ್ಬು, ಮೋಟರ್ ರಿಪೇರಿ, ಮೈಕ್ ಸೆಟ್ ರಿಪೇರಿ ಅಂತ 15,000. ಕೂಡಿದ್ರೆ 1,02,000. ಉಳಿಯೋದು 6,000, ಅದು ಆಪತ್ತಿಗೆ. 600 ಅನ್ನೋ ರೇಟು ಈ ಲೆಕ್ಕದಿಂದಲೇ ಬಂದಿದ್ದು, ಯಾರ ಶಕ್ತಿ ಎಷ್ಟು ಅಂತ ಅಳೆದು ಇಟ್ಟಿದ್ದಲ್ಲ.

ಹೋದ ವರ್ಷ ಮಾರ್ಚ್ 31ಕ್ಕೆ ಕಟ್ಟಿದ ಮನೆ 118, ಬಂದ ದುಡ್ಡು 70,800. 31,200 ಕೊರತೆ ಬಿತ್ತು, ಉಳಿತಾಯ ಖಾತೇಲಿ ಇದ್ದಿದ್ದನ್ನ ತೆಗೆದು ತುಂಬಿಸಿದ್ವಿ, ಆರ್‌ಸಿಸಿ ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು ಅಂತಿದ್ದಿದ್ದು ಮುಂದಕ್ಕೆ ಹೋಯ್ತು. ಅಕ್ಕೋರ ಸಂಬಳ ಮಾತ್ರ ಒಂದು ತಿಂಗಳೂ ತಡ ಆಗಿಲ್ಲ, ಬಂದ ದುಡ್ಡಲ್ಲಿ ಮೊದಲು ಅದನ್ನ ತೆಗೆದಿಟ್ಟೇ ಮಿಕ್ಕಿದ್ದು ನೋಡೋದು ಅಂತ ಕಮಿಟೀಲಿ ತೀರ್ಮಾನ ಆಗೈತೆ. ಇದನ್ನ ಯಾಕೆ ಬಿಡಿಸಿ ಹೇಳ್ತಿದೀನಿ ಅಂದ್ರೆ, ಚಂದಾ ನೆನಪು ಮಾಡೋ ಮೆಸೇಜಲ್ಲಿ ಅಕ್ಕೋರ ಹೆಸರು ಹಾಕಿದ್ರೆ ಜನ ಬೇಗ ಕಟ್ತಾರೆ ಅಂತ ಒಬ್ಬರು ಸಲಹೆ ಕೊಟ್ಟಿದ್ರು. ನಾನು ಒಪ್ಪಲಿಲ್ಲ. ಅವರು ದುಡಿದಿದ್ದಕ್ಕೆ ಕೊಡೋ ಸಂಬಳ ಅದು, ನಿಮ್ಮ ಕೊರಳಿಗೆ ಕಟ್ಟೋ ಭಾರ ಅಲ್ಲ, ಹಂಗೆ ಬರೆದ್ರೆ ಕಟ್ಟಕ್ಕಾಗದೇ ಇರೋರು ಮಂದಿರದ ಬಾಗಿಲಲ್ಲಿ ಅವರ ಮುಖ ನೋಡೋಕೂ ಹಿಂಜರೀತಾರೆ.

ಕಾಣಿಕೆ ಪೆಟ್ಟಿಗೇಲಿ ದುಡ್ಡು ಬರ್ತೈತಲ್ಲ, ಬಸವ ಜಯಂತಿಗೆ ಅಷ್ಟೊಂದು ಜನ ಕೊಡ್ತಾರಲ್ಲ, ಶ್ರಾವಣದ ಪ್ರವಚನಕ್ಕೆ ಅಕ್ಕಿ ಬೆಲ್ಲ ಎಣ್ಣೆ ಎಲ್ಲಾ ದಾನಿಗಳೇ ಕೊಡ್ತಾರಲ್ಲ, ಅದ್ರಲ್ಲಿ ಕರೆಂಟ್ ಬಿಲ್ ಕಟ್ಟಿದ್ರೆ ಆಗಲ್ವಾ ಅಂತ ಬಾಳ ಜನ ಕೇಳ್ತಾರೆ, ಸರಿಯಾದ ಪ್ರಶ್ನೆನೇ ಅದು. ದಾಸೋಹಕ್ಕೆ ಅಂತ ರಸೀದಿ ಹಾಕಿ ತಗೊಂಡ ದುಡ್ಡು ದಾಸೋಹಕ್ಕೇ ಹೋಗಬೇಕು, ಕೊಟ್ಟೋರು ಆ ಮಾತಿನ ಮೇಲೆ ಕೊಟ್ಟಿರ್ತಾರೆ, ಅದನ್ನ ತೆಗೆದು ಮೋಟರ್ ರಿವೈಂಡಿಂಗ್‌ಗೆ ಹಾಕಿದ್ರೆ ಆಡಿಟರ್ ಕೇಳ್ತಾರೆ, ಅವರು ಕೇಳದೇ ಇದ್ರೂ ಅದು ತಪ್ಪೇ. ಕಾಣಿಕೆ ಪೆಟ್ಟಿಗೆ ದುಡ್ಡು ಹಂಗಲ್ಲ, ಅದನ್ನ ಸಾಮಾನ್ಯ ಖರ್ಚಿಗೆ ಬಳಸಬಹುದು, ಆದ್ರೆ ಒಂದು ತಿಂಗಳು ಚೆನ್ನಾಗಿ ಬೀಳ್ತೈತೆ ಇನ್ನೊಂದು ತಿಂಗಳು ಪ್ರಾರ್ಥನೆಗೆ ತರೋ ಹೂವಿಗೂ ಸಾಲಲ್ಲ, ಅದನ್ನ ನೆಚ್ಚಿಕೊಂಡು ತಿಂಗಳ ಸಂಬಳ ಒಪ್ಪಿಕೊಳ್ಳೋಕೆ ಆಗಲ್ಲ. ಮಂದಿರದ ಒಳಗೆ ತಲೆ ಎತ್ತಿ ನೋಡ್ರಿ, ಫ್ಯಾನಿನ ರೆಕ್ಕೆ ಮೇಲೆ ದಾನಿಗಳ ಹೆಸರು, ಗೋಡೆ ಗಡಿಯಾರದ ಮೇಲೆ ಹೆಸರು, ಸ್ಟೀಲ್ ಬಕೆಟ್ ಮೇಲೂ ಹೆಸರು ಕೊರೆಸಿರ್ತಾರೆ. ಕೊಟ್ಟಿದ್ದು ಸಂತೋಷದಿಂದಲೇ, ಅವರಿಗೆ ನಮ್ಮ ಶರಣು. ಆದ್ರೆ ಆ ಫ್ಯಾನ್ ತಿರುಗೋ ಕರೆಂಟಿಗೆ ದಾನಿ ಸಿಗಲ್ಲ, ಬಿಲ್ಲಿನ ಮೇಲೆ ಯಾರ ಹೆಸರೂ ಕೊರೆಸೋಕೆ ಬರಲ್ಲ. ಚಂದಾ ಇರೋದು ಅದಕ್ಕೆ, ಯಾರೂ ಪ್ರೀತಿಯಿಂದ ದಾನ ಕೊಡದ ಖರ್ಚುಗಳಿಗೆ.

ಹಂಗಾಗಿ ಚಂದಾ ಅನ್ನೋದು ದಾಸೋಹ ಅಲ್ಲ, ಭಕ್ತಿ ಅಳೆಯೋ ಮಾಪೂ ಅಲ್ಲ. ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮಲ್ಲಿ ಎಲ್ರಿಗೂ ಗೊತ್ತು, ಮಹಾಮನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋರು, ಒಂದಿನ ಮಾಮೂಲಿಗಿಂತ ಜಾಸ್ತಿ ತಂದಾಗ ಲಕ್ಕಮ್ಮ ತಾಯಿ ಹೆಚ್ಚಿಗೆ ಬಂದಿದ್ದು ನಮಗೆ ಬ್ಯಾಡ, ಅಲ್ಲೇ ಹಾಕಿ ಬರ್ರಿ ಅಂತ ವಾಪಸ್ ಕಳಿಸಿದ್ರು. ನನಗೆ ಆ ಕಥೇಲಿ ಕಾಣೋದು ಕೊಡೋರಿಗೆ ಹೇಳಿದ ಪಾಠಕ್ಕಿಂತ ತಗೊಳ್ಳೋರಿಗೆ ಹೇಳಿದ ಪಾಠ. ಕೇಳೋ ಸ್ಥಾನದಲ್ಲಿ ಕೂತಿರೋ ಕಮಿಟಿ ಎಷ್ಟು ಬೇಕೋ ಅಷ್ಟೇ ಕೇಳಬೇಕು, ಯಾಕೆ ಬೇಕು ಅಂತ ಲೆಕ್ಕ ಇಡಬೇಕು, ಕೇಳೋ ರೀತೀಲಿ ಇನ್ನೊಬ್ಬರ ಮನಸ್ಸು ಮುರೀಬಾರದು.

ಈ ಕೊನೇ ಮಾತಿನಲ್ಲಿ ನಮ್ಮ ಸಮಾಜ ಎಡವಿತ್ತು. ಕೆಲವು ವರ್ಷದ ಹಿಂದೆ ನೋಟಿಸ್ ಬೋರ್ಡಿಗೆ ಬಾಕಿದಾರರ ಪಟ್ಟಿ ಅಂತ ಹಚ್ಚಿದ್ರು, ಹೆಸರು, ಬಡಾವಣೆ, ಎಷ್ಟು ವರ್ಷದ್ದು, ಎಷ್ಟು ರೂಪಾಯಿ, ಎಲ್ಲಾ ಟೈಪ್ ಮಾಡಿ. ಅದ್ರದ್ದೇ ಫೋಟೋ ತೆಗೆದು ಯಾರೋ ವಾಟ್ಸಾಪ್ ಗ್ರೂಪಿಗೂ ಹಾಕಿದ್ರು. ಬಸವ ಜಯಂತಿ ದಿನ ಪ್ರಸಾದದ ಸಾಲು ನಿಂತಿದ್ದಾಗ ಮೈಕಲ್ಲಿ ಚಂದಾ ಬಾಕಿ ಇರೋರು ಕೌಂಟರಿಗೆ ಬರ್ರಿ ಅಂತ ಕೂಗಿದ್ರು. ಮನೆ ಮನೆಗೆ ಹೋದೋರು ಬೆಣ್ಣೆ ದೋಸೆ ತಿನ್ನೋಕೆ ದುಡ್ಡು ಐತೆ, ಬಸವಣ್ಣನ ಕೆಲಸಕ್ಕೆ ಇಲ್ವಾ ಅಂತ ಹೇಳಿದ್ದೂ ಉಂಟು. ಹೇಳಿದೋರು ಕೆಟ್ಟೋರಲ್ಲ, ಸಮಾಜದ ಮೇಲಿನ ಕಾಳಜಿಗೇ ಹೇಳಿದ್ದು, ಬಿಸಿಲಲ್ಲಿ ಅಡ್ಡಾಡಿ ಸಾಕಾಗಿತ್ತು ಅವರಿಗೂ. ಪಟ್ಟಿ ಹಚ್ಚಿದ ತಿಂಗಳು ದುಡ್ಡೂ ಒಂದಿಷ್ಟು ಬಂತು, ಅದೂ ನಿಜ. ಆದ್ರೆ ಪಟ್ಟೀಲಿ ಹೆಸರು ಇದ್ದೋರಲ್ಲಿ ಕೆಲವರು ದುಡ್ಡು ಕಟ್ಟಿ ಆಮೇಲೆ ಬರೋದನ್ನೇ ಬಿಟ್ರು, ಇನ್ನು ಕೆಲವರು ಕಟ್ಟಲೂ ಇಲ್ಲ, ಬರಲೂ ಇಲ್ಲ.

ಒಂದು ಮನೆ ವಿಷಯ ಹೇಳ್ತೀನಿ, ಅವರನ್ನ ಕೇಳಿ, ಅವರು ಹೆಸರಿಲ್ಲದೆ ಬರೀರಿ ಅಂದ ಮೇಲೇ ಬರೀತಿದೀನಿ. ಮಂಡಕ್ಕಿ ವ್ಯಾಪಾರ ಅವರದ್ದು. ಮನೆ ಯಜಮಾನ್ರಿಗೆ ಆರೋಗ್ಯ ಕೆಟ್ಟು ವ್ಯಾಪಾರ ನಿಂತಿತ್ತು, ಅದನ್ನ ಅವರು ಯಾರಿಗೂ ಹೇಳಿಕೊಂಡಿರಲಿಲ್ಲ. ಮೊದಲ ವರ್ಷ 600 ಕಟ್ಟಕ್ಕಾಗಲಿಲ್ಲ, ಮುಂದಿನ ವರ್ಷ ಕಟ್ಟಿದ್ರಾಯ್ತು ಅಂದುಕೊಂಡ್ರು. ಎರಡನೇ ವರ್ಷ 1,200 ಆಯ್ತು, ಮೂರನೇ ವರ್ಷ 1,800. ಆ ಅಮ್ಮನೋರು ಸೋಮವಾರದ ಪ್ರಾರ್ಥನೇಲಿ ವಚನ ಹಾಡ್ತಿದ್ದೋರು, ಅವರು ಶುರು ಮಾಡಿದ್ರೆ ಹಿಂದೆ ಕೂತ ಹುಡುಗ್ರೂ ಕೂಡಿ ಹಾಡೋರು. ಪಟ್ಟೀಲಿ ಗಂಡನ ಹೆಸರು ನೋಡಿದ ಮೇಲೆ ಬರೋದು ನಿಲ್ಲಿಸಿದ್ರು. ಕೇಳಿದ್ರೆ ಮಂಡಿನೋವು ಅಂತಿದ್ರು. ಆಮೇಲೆ ಯಾವಾಗೋ ಮನೆಗೆ ಹೋಗಿ ಮಾತಾಡಿದಾಗ ಅವರು ಹೇಳಿದ್ದು, "600 ಇದ್ದಾಗ ಹೆಂಗೋ ಕೊಡಬಹುದಿತ್ತು ಕಣ್ರಿ, 1,800 ಆದಮೇಲೆ ಒಂದು ವರ್ಷದ್ದು ಮಾತ್ರ ಕೊಡ್ತೀನಿ ಅನ್ನೋಕೂ ಮುಖ ಇರಲಿಲ್ಲ, ಪೂರ್ತಿ ಕೊಡೋಕೂ ಆಗ್ತಿರಲಿಲ್ಲ, ಅದಕ್ಕೆ ಬರೋದೇ ಬ್ಯಾಡ ಅನ್ನಿಸಿಬಿಡ್ತು."

ಬಾಕಿ ಅನ್ನೋದು ಜನರನ್ನ ದೂರ ಮಾಡೋದೇ ಹಿಂಗೆ. 600 ಒಂದು ಮಟ್ಟಿಗೆ ಕೈಗೆ ಎಟುಕೋ ದುಡ್ಡು, ಅದೇ ಮೂರು ನಾಲ್ಕು ವರ್ಷದ್ದು ಸೇರಿ ಗುಡ್ಡೆ ಆದಾಗ ಕೊಡೋ ಮನಸ್ಸು ಇದ್ದೋರಿಗೂ ಎಲ್ಲಿಂದ ಶುರು ಮಾಡೋದು ಅಂತ ತಿಳಿಯಲ್ಲ. ನಾನು ಹಳೇ ಲೆಡ್ಜರ್ ತೆಗೆದು ನೋಡಿದೆ, ಒಂದು ವರ್ಷ ತಪ್ಪಿಸಿದೋರಲ್ಲಿ ಬಾಳ ಜನ ಮುಂದಿನ ವರ್ಷ ವಾಪಸ್ ಕಟ್ಟಿದಾರೆ, ಎರಡು ದಾಟಿದೋರಲ್ಲಿ ವಾಪಸ್ ಬಂದೋರು ಬೆರಳೆಣಿಕೆಯಷ್ಟು. ನಾವು ಹಳೇ ಬಾಕಿ ಬಿಡಬಾರದು ಅಂತ ಗಟ್ಟಿಯಾಗಿ ಹಿಡಿದಷ್ಟೂ ಹಳೇದೂ ಬರ್ತಿರಲಿಲ್ಲ, ಈ ವರ್ಷದ್ದೂ ಬರ್ತಿರಲಿಲ್ಲ, ಆ ಮನುಷ್ಯನೂ ಬರ್ತಿರಲಿಲ್ಲ.

ಅದಕ್ಕೆ ಹೋದ ಮಹಾಸಭೇಲಿ ಬೈಲಾ ತಿದ್ದುಪಡಿ ಮಾಡಿದ್ವಿ, ಅದನ್ನ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೂ ಸಲ್ಲಿಸಿ ಆಗೈತೆ. ಹಿಂದಿನ ವರ್ಷಗಳ ಬಾಕಿ ಎಲ್ಲರದ್ದೂ ಮನ್ನಾ. ಇನ್ನು ಮುಂದೆ ಬಾಕಿ ಮುಂದಿನ ವರ್ಷಕ್ಕೆ ಕೂಡ್ತಾ ಹೋಗಲ್ಲ, ಯಾವ ವರ್ಷ ಆದ್ರೂ ಆ ವರ್ಷದ 600 ಕಟ್ಟಿದ್ರೆ ನೀವು ಆ ವರ್ಷ ಪೂರ್ತಿ ಸದಸ್ಯರು. ಇಷ್ಟು ವರ್ಷ ತಪ್ಪದೆ ಕಟ್ಟಿದ ನಮಗೆ ಅನ್ಯಾಯ ಅಲ್ವಾ ಅಂತ ಸಭೇಲಿ ಹಿರಿಯರೊಬ್ಬರು ಎದ್ದು ಕೇಳಿದ್ರು. ಆ ಮಾತಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ. ಕಟ್ಟಿದೋರು ಇಷ್ಟು ವರ್ಷ ಮಂದಿರ ನಡೆಸಿದಾರೆ, ಅದು ಸಣ್ಣದಲ್ಲ. ಆದ್ರೆ ಪುಸ್ತಕದಲ್ಲಿ ಬರೋ ಬಾಕಿ ಅಂತ ಇದ್ದ ದುಡ್ಡು ನಿಜವಾಗಿ ಬರೋ ದುಡ್ಡಾಗಿರಲಿಲ್ಲ, ಅದನ್ನ ಇಟ್ಟುಕೊಂಡು ಮುಂದೆ ಬರಬಹುದಾದ ಚಂದಾನ ಕಳ್ಕೊಳ್ತಿದ್ವಿ. ಕೊನೆಗೆ ಅದೇ ಹಿರಿಯರೇ ಆಯ್ತು ಮಾಡ್ರಿ ಅಂದ್ರು.

ಇನ್ನು ಜೂನ್ 30ರ ವಿಷಯ. ಈ ತಾರೀಖು ಸಮಾಜ ಶುರುವಾದಾಗಿಂದ ಬೈಲಾದಲ್ಲಿ ಐತೆ, ಮಹಾಸಭೆ ಸೆಪ್ಟೆಂಬರಲ್ಲಿ ನಡೆಯೋದ್ರಿಂದ ಅದಕ್ಕೂ ಮೊದಲು ಮತದಾರರ ಪಟ್ಟಿ ರೆಡಿ ಆಗಬೇಕು ಅನ್ನೋ ಲೆಕ್ಕದಲ್ಲಿ ಇಟ್ಟಿದ್ದು. ಆದ್ರೆ ನಮ್ಮ ಕಡೆ ಜೂನ್ ಅಂದ್ರೆ ಹೆಂಗಿರ್ತೈತೆ ನಿಮಗೇ ಗೊತ್ತು. ಮಕ್ಕಳ ಸ್ಕೂಲ್ ಫೀಸು, ನೋಟ್‌ಬುಕ್ಕು, ಯೂನಿಫಾರಂ ಒಂದು ಕಡೆ, ಹೊಲ ಇರೋರಿಗೆ ಮೆಕ್ಕೆಜೋಳದ ಬೀಜ ಗೊಬ್ಬರ ಇನ್ನೊಂದು ಕಡೆ. ನಮ್ಮ ಸದಸ್ಯರಲ್ಲಿ ಕಾಲು ಭಾಗ ಜನರಿಗೆ ಇವತ್ತಿಗೂ ಊರ ಕಡೆ ಜಮೀನು ಐತೆ, ಅವರ ಕೈಗೆ ದುಡ್ಡು ಬರೋದು ಮೆಕ್ಕೆಜೋಳ ಕಟಾವಾಗಿ ಎಪಿಎಂಸಿಗೆ ಹೋದಮೇಲೆ, ಅಂದ್ರೆ ದೀಪಾವಳಿ ಆಸುಪಾಸಿಗೆ. ವರ್ಷದಲ್ಲಿ ಜೇಬು ಖಾಲಿ ಇರೋ ತಿಂಗಳನ್ನೇ ಆರಿಸಿ ಚಂದಾ ಕೇಳಿ, ಕೊಡಲಿಲ್ಲ ಅಂತ ಪಟ್ಟಿ ಹಚ್ಚಿದಂಗಾಗಿತ್ತು. ಈಗ ಜೂನ್ 30ರೊಳಗೆ ಒಂದು ಮಾತು ಹೇಳಿದ್ರೆ ಡಿಸೆಂಬರ್ ಕೊನೇವರೆಗೂ ಟೈಮ್ ಕೊಡ್ತೀವಿ, ಬೆಳೆ ಬಂದಮೇಲೆ ಕಟ್ತೀನಿ ಅಂತ ಫೋನಲ್ಲಿ ಹೇಳಿದ್ರೂ ಸಾಕು, ಬರೆದುಕೊಡೋದು ಬ್ಯಾಡ. ಟೈಮ್ ಕೇಳಿದೋರು ಸೆಪ್ಟೆಂಬರ್ ಸಭೇಲಿ ಓಟು ಹಾಕಬಹುದು, ಚುನಾವಣೆಗೂ ನಿಲ್ಲಬಹುದು. ತಿಂಗಳಿಗೆ 50ರಂತೆ ಕೊಡ್ತೀನಿ ಅನ್ನೋರಿಗೂ ಹಂಗೇ.

ಓಟಿನ ಮಾತು ಬಂದಿದ್ದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಲ್ಲಿ ತಪ್ಪು ತಿಳುವಳಿಕೆ ಜಾಸ್ತಿ. ಚಂದಾ ಕಟ್ಟಿಲ್ಲ ಅಂದ್ರೆ ಪ್ರಾರ್ಥನೆಗೆ ಬರಬಾರದು, ಪ್ರಸಾದಕ್ಕೆ ಕೂರಬಾರದು, ಮಗು ನಾಮಕರಣಕ್ಕೆ ಮಂದಿರ ಕೇಳಬಾರದು ಅಂತ ಯಾವತ್ತೂ ಇಲ್ಲ, ಮುಂದೆಯೂ ಇರಲ್ಲ. ಚಂದಾಕ್ಕೂ ಅದಕ್ಕೂ ಸಂಬಂಧನೇ ಇಲ್ಲ, ಸದಸ್ಯರಲ್ಲದೋರೂ ಬರ್ತಾರೆ, ಬರಲಿ. ಚಂದಾ ಬೇಕಾಗೋದು ಮಹಾಸಭೇಲಿ ಕೈ ಎತ್ತೋಕೆ, ಪದಾಧಿಕಾರಿ ಆಗೋಕೆ, ಲೆಕ್ಕ ಒಪ್ಪೋಕೆ ಅಥವಾ ತಿರಸ್ಕರಿಸೋಕೆ. ನಮ್ಮದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿ ಆದ ಸಂಘ, ಹಂಗಾಗಿ ಯಾರು ಸದಸ್ಯರು ಅಂತ ಒಂದು ಪುಸ್ತಕ ಇಡಲೇಬೇಕು, ವರ್ಷಕ್ಕೊಂದು ಮಹಾಸಭೆ ಮಾಡಲೇಬೇಕು, ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿ ಪಟ್ಟಿ ಮತ್ತೆ ಆಡಿಟ್ ಆದ ಲೆಕ್ಕ ನೋಂದಣಿ ಕಚೇರಿಗೆ ಕೊಡಬೇಕು.

ಚಂದಾ ನಿಂತ್ರೆ ಇಲ್ಲಿ ಏನಾಗ್ತೈತೆ ಅನ್ನೋದು ಎರಡು ವರ್ಷದ ಹಿಂದಿನ ಸಭೇಲಿ ಕಂಡಿದ್ವಿ. ನಮ್ಮ ಬೈಲಾದಲ್ಲಿ ಕೋರಂ ಅಂದ್ರೆ ಪುಸ್ತಕದಲ್ಲಿರೋ ಒಟ್ಟು ಸದಸ್ಯರ ಮೂರನೇ ಒಂದು ಭಾಗ, ಅಂದ್ರೆ 180ಕ್ಕೆ 60 ಜನ. ಅವತ್ತು ಸಭೇಲಿ ಕೂತಿದ್ದೋರು 70ರ ಮೇಲಿದ್ರು, ಆದ್ರೆ ಓಟಿನ ಹಕ್ಕು ಇದ್ದೋರು 52 ಮಾತ್ರ. ಹಾಲ್ ತುಂಬಿತ್ತು, ಕೋರಂ ಇರಲಿಲ್ಲ. ಸಭೆ ಮುಂದಕ್ಕೆ ಹೋಯ್ತು, ಲೆಕ್ಕ ಒಪ್ಪಿಗೆ ಆಗಲಿಲ್ಲ, ಹೊಸ ಪದಾಧಿಕಾರಿಗಳ ಆಯ್ಕೆ ಆಗಲಿಲ್ಲ. ಬ್ಯಾಂಕಲ್ಲಿ ಸಹಿ ಬದಲಾಯಿಸೋಕೆ ಸಭೆ ನಿರ್ಣಯದ ಪ್ರತಿ, ಹೊಸ ಪಟ್ಟಿ ಎಲ್ಲಾ ಕೇಳ್ತಾರೆ, ಅದಿಲ್ಲದೆ ಊರು ಬಿಟ್ಟು ಮಗನ ಮನೆಗೆ ಹೋಗಿದ್ದ ಹಳೇ ಕಾರ್ಯದರ್ಶಿಗಳನ್ನೇ ಪ್ರತಿ ಚೆಕ್ಕಿಗೂ ಕರೆಸಬೇಕಾಯ್ತು, ವಯಸ್ಸಾದೋರು ಪಾಪ, ಬಸ್ಸಲ್ಲಿ ಬಂದು ಸಹಿ ಹಾಕಿ ಹೋಗ್ತಿದ್ರು. ಅವತ್ತು ಹಾಲಲ್ಲಿ ಹಕ್ಕಿಲ್ಲದೆ ಕೂತಿದ್ದೋರಲ್ಲಿ ಅರ್ಧಕ್ಕರ್ಧ ಜನಕ್ಕೆ ತಮ್ಮ ಚಂದಾ ಬಾಕಿ ಐತೆ ಅಂತಾನೇ ಗೊತ್ತಿರಲಿಲ್ಲ.

ಈ ಗೊತ್ತೇ ಇಲ್ಲದೋರ ಗುಂಪೇ ದೊಡ್ಡದು. ಕೊಡಲ್ಲ ಅನ್ನೋರು ನನ್ನ ಲೆಕ್ಕದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಮರೆತೋರು, ನಂಬರ್ ಬದಲಾಗಿ ಮೆಸೇಜ್ ತಲುಪದೇ ಇರೋರು, ಬೆಂಗಳೂರಲ್ಲಿರೋ ಮಗ ಕಟ್ಟಿರ್ತಾನೆ ಅಂತ ಅಪ್ಪ, ಅಪ್ಪ ಕಟ್ಟಿರ್ತಾರೆ ಅಂತ ಮಗ ಸುಮ್ಮನಾದೋರು, ಯಜಮಾನ್ರು ತೀರಿಕೊಂಡ ಮೇಲೆ ಸದಸ್ಯತ್ವ ಯಾರ ಹೆಸರಿಗೆ ಅಂತ ತಿಳಿಯದೆ ಬಿಟ್ಟೋರು. ಇನ್ನೊಂದು ಗುಂಪು ಐತೆ, ಅವರ ವಿಷಯದಲ್ಲಿ ನಾವು ಬಾಳ ಎಚ್ಚರ ಇರಬೇಕು: ಕಟ್ಟಿದೋರು. ಯುಪಿಐಲಿ ದುಡ್ಡು ಹಾಕಿರ್ತಾರೆ, ನಮ್ಮ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಮಗಳ ಹೆಸರೋ ಅಂಗಡಿ ಹೆಸರೋ ಬಂದಿರ್ತೈತೆ, ಅದು ಯಾರ ಚಂದಾ ಅಂತ ತಿಳಿಯದೆ ಸಸ್ಪೆನ್ಸ್ ಖಾತೇಲಿ ಬಿದ್ದಿರ್ತೈತೆ, ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಖಾಲಿ. ಹಂಗೆ ಕಟ್ಟಿದ ಒಬ್ಬರ ಹೆಸರೂ ಆವತ್ತಿನ ಬಾಕಿದಾರರ ಪಟ್ಟೀಲಿ ಬಂದಿತ್ತು. ಕಟ್ಟಿ, ಮೇಲೆ ಎಲ್ಲರ ಮುಂದೆ ಬಾಕಿದಾರ ಅನ್ನಿಸ್ಕೊಂಡ್ರೆ ಯಾರಿಗೆ ತಾನೇ ಬೇಜಾರಾಗಲ್ಲ ಹೇಳ್ರಿ.

ಹಂಗಾಗಿ ಈಗ ನೆನಪು ಮಾಡೋ ಮೊದಲು ಹಿಂದಿನ ದಿನದವರೆಗಿನ ಸ್ಟೇಟ್‌ಮೆಂಟ್ ತೆಗೆದು ಒಂದೊಂದು ಎಂಟ್ರೀನೂ ಪುಸ್ತಕಕ್ಕೆ ತಾಳೆ ಹಾಕ್ತೀವಿ, ಯಾರದ್ದು ಅಂತ ತಿಳಿಯದ 600 ಎಷ್ಟು ಅದಾವೆ ನೋಡ್ತೀವಿ, ಅವು ಬಗೆಹರಿಯೋವರೆಗೂ ಯಾರಿಗೂ ಎರಡನೇ ಮೆಸೇಜ್ ಹೋಗಲ್ಲ. ನೀವು ಒಂದು ಸಹಾಯ ಮಾಡ್ರಿ, ಯುಪಿಐಲಿ ಕಳಿಸುವಾಗ ರಿಮಾರ್ಕ್ ಜಾಗದಲ್ಲಿ ಸದಸ್ಯತ್ವ ನಂಬರ್ ಹಾಕ್ರಿ, ನಂಬರ್ ನೆನಪಿಲ್ಲ ಅಂದ್ರೆ ಯಾರ ಹೆಸರಲ್ಲಿ ಸದಸ್ಯತ್ವ ಐತೋ ಆ ಹೆಸರು. ಹಳೇ ರಸೀದಿ ಮೇಲೆ ಎಡಗಡೆ ಮೂಲೇಲಿ ಇರೋದೇ ಆ ನಂಬರ್.

ಮೆಸೇಜ್ ಗ್ರೂಪಿಗೆ ಹಾಕಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ. ಹೋಗೋದು ಇಷ್ಟೇ: "ಶರಣು. ಈ ವರ್ಷದ ಚಂದಾ 600 ಇನ್ನೂ ನಮ್ಮ ಪುಸ್ತಕದಲ್ಲಿ ಬಂದಿಲ್ಲ. ಈಗಾಗಲೇ ಕಟ್ಟಿದ್ರೆ ತಾರೀಖು ತಿಳಿಸಿ, ಸರಿ ಮಾಡ್ಕೊಳ್ತೀವಿ. ಟೈಮ್ ಬೇಕು ಅಂದ್ರೆ ಟೈಮ್ ಅಂತ, ಈ ವರ್ಷ ಬ್ಯಾಡ ಅಂದ್ರೆ ವಿನಾಯಿತಿ ಅಂತ ಬರೆದು ಕಳಿಸಿ, ಕಾರಣ ಹೇಳಬೇಕಿಲ್ಲ." ಬಾಕಿ ಅನ್ನೋ ಪದ ಇಲ್ಲ, ಪುಣ್ಯ ಪಾಪದ ಮಾತಿಲ್ಲ, ಪಕ್ಕದ ಮನೆಯೋರು ಕಟ್ಟಿದಾರೆ ಅನ್ನೋದಿಲ್ಲ, ದಿನಕ್ಕೆ ಒಂದು ಟೀ ದುಡ್ಡೂ ಆಗಲ್ಲ ಅನ್ನೋದಂತೂ ಬ್ಯಾಡವೇ ಬ್ಯಾಡ, ಯಾಕಂದ್ರೆ ಟೀ ದುಡ್ಡೂ ಎಣಿಸಿ ಖರ್ಚು ಮಾಡೋ ಮನೆಗಳು ನಮ್ಮಲ್ಲಿ ಅದಾವೆ. ಮೇ ತಿಂಗಳಲ್ಲಿ ಒಂದು ಸಲ, ಜೂನ್ 20ರ ಹೊತ್ತಿಗೆ ಒಂದು ಸಲ, ಉತ್ತರ ಬರಲಿಲ್ಲ ಅಂದ್ರೆ ಆಗಸ್ಟಲ್ಲಿ ಒಂದು ಫೋನು. ಅಷ್ಟಕ್ಕೆ ನಿಲ್ಲಿಸ್ತೀವಿ. ಫೋನ್ ಯಾಕೆ ಅಂದ್ರೆ ಎರಡು ಮೆಸೇಜಿಗೂ ಉತ್ತರ ಕೊಡದೋರು ಕಷ್ಟದಲ್ಲಿ ಇರಬಹುದು, ಅಥವಾ ನಂಬರೇ ಬೇರೆ ಆಗಿರಬಹುದು, ಮಾತಾಡಿದ್ರೆ ಮಾತ್ರ ತಿಳಿಯೋದು.

ವಿನಾಯಿತಿ ಕೇಳಿದೋರ ಹೆಸರು ಅಧ್ಯಕ್ಷರಿಗೆ ಮತ್ತೆ ನನಗೆ ಬಿಟ್ರೆ ಕಮಿಟೀಲಿ ಬೇರೆ ಯಾರಿಗೂ ಗೊತ್ತಾಗಲ್ಲ. ಲೆಕ್ಕದಲ್ಲಿ ಕಟ್ಟದ ದುಡ್ಡನ್ನ ಕಟ್ಟಿದಾರೆ ಅಂತ ತೋರಿಸೋಕೆ ಬರಲ್ಲ, ಅದಕ್ಕೆ ಜಮಾ ಪುಸ್ತಕದಲ್ಲಿ ಒಟ್ಟು ಎಷ್ಟು ಮನೆಗೆ ವಿನಾಯಿತಿ ಅನ್ನೋ ಸಂಖ್ಯೆ ಮಾತ್ರ ಆಡಿಟರ್ ಮುಂದೆ ಹೋಗ್ತೈತೆ, ಹೆಸರಿನ ಪಟ್ಟಿ ಅಧ್ಯಕ್ಷರ ಸಹಿ ಹಾಕಿ ಲಕೋಟೇಲಿ ಇರ್ತೈತೆ. ಮಹಾಸಭೆಗೆ ಪ್ರಿಂಟ್ ಆಗೋ ಮತದಾರರ ಪಟ್ಟೀಲಿ ಎಲ್ಲರ ಮುಂದೆಯೂ ಅರ್ಹ ಅಂತ ಒಂದೇ ಪದ, ಕಟ್ಟಿ ಅರ್ಹರೋ ವಿನಾಯಿತೀಲಿ ಅರ್ಹರೋ ಅಂತ ಅದ್ರಲ್ಲಿ ತಿಳಿಯಲ್ಲ. ಆದಾಯ ಪ್ರಮಾಣಪತ್ರ, ಬಿಪಿಎಲ್ ಕಾರ್ಡ್ ಏನೂ ಕೇಳಲ್ಲ. ಹಿಂಗೆ ಬಾಗಿಲು ತೆಗೆದಿಟ್ರೆ ಎಲ್ರೂ ನನಗೂ ವಿನಾಯಿತಿ ಅಂತಾರೆ ಅನ್ನೋ ಹೆದರಿಕೆ ನಮ್ಮಲ್ಲೇ ಕೆಲವರಿಗೆ ಇತ್ತು. ಹೋದ ವರ್ಷ ಕೊನೇ ಮೂರು ತಿಂಗಳು ಪರೀಕ್ಷೆಗೆ ಅಂತ ಶುರು ಮಾಡಿದಾಗ ಕೇಳಿದ್ದು ಒಂಬತ್ತು ಮನೆ, ಅದ್ರಲ್ಲಿ ಮೂರು ಮನೆಯೋರು ಮಾರ್ಚ್ ಮುಗಿಯೋದ್ರೊಳಗೆ ತಾವೇ ಬಂದು ಕಟ್ಟಿ ಹೋದ್ರು. ಜನರ ಮೇಲೆ ನಂಬಿಕೆ ಇಟ್ಟು ಕೇಳಿದ್ರೆ ಸಾಕು ಅಂತ ನನಗೆ ಧೈರ್ಯ ಬಂದಿದ್ದು ಅಲ್ಲಿ.

ಆ ವಿನಾಯಿತಿಯಿಂದ ಬೀಳೋ ಕೊರತೆ ತುಂಬೋಕೆ ಸಹಾಯ ಚಂದಾ ಅಂತ ಒಂದು ಬೇರೆ ಲೆಕ್ಕ ತೆಗೆದಿದೀವಿ. ತಮ್ಮ 600ರ ಜೊತೆ ಇನ್ನೊಂದು ಮನೇದೂ ಕೊಡೋಕೆ ಮನಸ್ಸಿರೋರು ಅದಕ್ಕೆ ಕೊಡಬಹುದು. ಯಾರಿಗೆ ಹೋಯ್ತು ಅಂತ ಕೊಟ್ಟೋರಿಗೆ ಹೇಳಲ್ಲ, ಯಾರಿಂದ ಬಂತು ಅಂತ ಪಡೆದೋರಿಗೂ ಹೇಳಲ್ಲ, ಸಭೇಲಿ ಶಾಲು ಹೊದಿಸೋದೂ ಇಲ್ಲ. ಇದಕ್ಕೆ ಒತ್ತಾಯ ಎಳ್ಳಷ್ಟೂ ಇಲ್ಲ, 600 ಮಾತ್ರ ಕಟ್ಟಿದೋರು ತಮ್ಮ ಪಾಲು ಪೂರ್ತಿ ಕಟ್ಟಿದಂಗೆ.

ಬಡಾವಣೆ ಬಡಾವಣೆಗೆ ಹೋಗೋ ನಮ್ಮ ಕಾರ್ಯಕರ್ತ ಅಣ್ಣಂದಿರು, ಅಕ್ಕಂದಿರಿಗೂ ಈ ಪತ್ರದಲ್ಲೇ ಒಂದು ಕೋರಿಕೆ. ನಿಟ್ಟುವಳ್ಳಿಯಿಂದ ವಿದ್ಯಾನಗರದವರೆಗೂ ಬಿಸಿಲಲ್ಲಿ ಗಾಡಿ ಓಡಿಸ್ಕೊಂಡು ಹೋಗ್ತೀರಿ, ನಿಮ್ಮ ಶ್ರಮ ನಮಗೆ ಗೊತ್ತು. ಮದುವೆ ಮನೇಲಿ, ಅಂಗಡೀಲಿ ಗಿರಾಕಿ ನಿಂತಿದ್ದಾಗ, ಪ್ರಸಾದದ ಸಾಲಲ್ಲಿ ಚಂದಾ ಮಾತು ಎತ್ತಬೇಡ್ರಿ. ಮನೆಗೆ ಹೋದ್ರೆ ಯಾರ ಹೆಸರಲ್ಲಿ ಸದಸ್ಯತ್ವ ಐತೋ ಅವರ ಹತ್ರ ಮಾತ್ರ ಮಾತಾಡ್ರಿ, ಅವರಿಲ್ಲ ಅಂದ್ರೆ ಅತ್ತೆ ಹತ್ರನೋ ಮಕ್ಕಳ ಹತ್ರನೋ ಹೇಳಿ ಬರಬೇಡ್ರಿ, ಸುಮ್ಮನೆ ನೀರು ಕುಡಿದು ಬರ್ರಿ. ಆಮೇಲೆ ನೋಡ್ತೀನಿ ಅಂತ ಒಬ್ಬರು ಎರಡು ಸಲ ಅಂದ್ರೆ ಮೂರನೇ ಸಲ ನೀವು ಕೇಳೋದು ಬ್ಯಾಡ, ನನಗೆ ಹೇಳ್ರಿ, ನಾನು ಮಾತಾಡ್ತೀನಿ. ಕಟ್ಟಿದೋರಿಗೆ ರಸೀದಿ ಅಲ್ಲೇ ಹರಿದು ಕೊಡ್ರಿ, ಆಮೇಲೆ ಕಳಿಸ್ತೀನಿ ಅನ್ನಬೇಡ್ರಿ, ಗೊಂದಲ ಅರ್ಧ ಹುಟ್ಟೋದು ಅಲ್ಲೇ.

ಮಂಡಕ್ಕಿ ವ್ಯಾಪಾರದ ಆ ಮನೆಯೋರು ಈ ವರ್ಷ ತಿಂಗಳಿಗೆ 50ರಂತೆ ಕೊಡ್ತಿದಾರೆ. ಹಳೇ 1,800 ಕೂಡ ಯಾವತ್ತಾದ್ರೂ ತೀರಿಸ್ತೀವಿ ಅಂದ್ರು, ಅದು ಮನ್ನಾ ಆಗೈತೆ, ಪುಸ್ತಕದಲ್ಲಿ ಇಲ್ಲ ಅಂತ ತೋರಿಸಿದೆ. ಅಮ್ಮನೋರು ಇನ್ನೂ ಬರೋಕೆ ಶುರು ಮಾಡಿಲ್ಲ. ಬಂದ್ರೆ ಯಾರೂ ಎಷ್ಟು ದಿನ ಆಯ್ತಲ್ಲ ಅಂತ ಕೇಳೋದು ಬ್ಯಾಡ.

ಕಟ್ಟೋದು ಹೆಂಗೆ ಅಂತ ಕೇಳೋರಿಗೆ: ಮಂದಿರದ ಕಚೇರಿ ಬಾಗಿಲಿಗೆ ಹಚ್ಚಿರೋ ಕ್ಯೂಆರ್ ಕೋಡ್ ನೇರ ಸಮಾಜದ ಬ್ಯಾಂಕ್ ಖಾತೇದು, ಸ್ಕ್ಯಾನ್ ಮಾಡಿದಾಗ ಸಮಾಜದ ಹೆಸರೇ ಬರಬೇಕು, ಬೇರೆ ಯಾರದ್ದೋ ಹೆಸರು ಬಂದ್ರೆ ಕಳಿಸಬೇಡ್ರಿ, ಯಾರ ಸ್ವಂತ ನಂಬರಿಗೂ ಹಾಕಬೇಡ್ರಿ, ನನ್ನ ನಂಬರಿಗೂ ಸಹ. ನಗದು ಕೊಡೋರು ಸೋಮವಾರ ಸಂಜೆ ಪ್ರಾರ್ಥನೆ ಮುಗಿದಮೇಲೆ ಬರ್ರಿ, ನಾನು ರಸೀದಿ ಪುಸ್ತಕ ಇಟ್ಟುಕೊಂಡು ಕಚೇರೀಲಿ ಕೂತಿರ್ತೀನಿ, ಒಬ್ಬೊಬ್ಬರೇ ಒಳಗೆ ಬಂದು ಮಾತಾಡಬಹುದು. ಯಜಮಾನ್ರು ತೀರಿಕೊಂಡಿರೋ ಮನೆಯೋರು ಸದಸ್ಯತ್ವದ ಹೆಸರು ಬದಲಾಯಿಸೋಕೆ ಒಂದು ಅರ್ಜಿ ಬರೆದು ಮರಣ ಪ್ರಮಾಣಪತ್ರದ ಜೆರಾಕ್ಸ್ ತಂದ್ರೆ ಸಾಕು, ಫೀಸು ಇಲ್ಲ. ಕಟ್ಟಿ ವಾರ ಆದ್ರೂ ರಸೀದಿ ಬಂದಿಲ್ಲ ಅಂದ್ರೆ ಸುಮ್ಮನಿರಬೇಡ್ರಿ, ಕಳಿಸಿದ ತಾರೀಖು ಮತ್ತೆ ಸ್ಕ್ರೀನ್‌ಶಾಟ್ ತೋರಿಸ್ರಿ, ಸಸ್ಪೆನ್ಸ್ ಖಾತೇಲಿ ಈಗಲೂ ಹೆಸರಿಲ್ಲದ ನಾಲ್ಕು 600 ಅದಾವೆ, ಅದ್ರಲ್ಲಿ ಒಂದು ನಿಮ್ಮದೇ ಇರಬಹುದು.

ಇಂತಿ ತಮ್ಮ,
ಖಜಾಂಚಿ
ದಾವಣಗೆರೆ